ಮನೆಯಿಂದ ಕೆಲಸ ಕೇಳಿದ ಗಟ್ಟಿಗಿತ್ತಿ

ನಮ್ಮ ವಿಮಾ ಕಂಪನಿಯಲ್ಲಿ ಆಸ್ಪತ್ರೆ ಬಿಲ್ಲುಗಳನ್ನು ಪರಿಶೀಲಿಸುವ ಆಕೆಗೆ ಎಲ್ಲರೂ ಇಟ್ಟ ಹೆಸರು ಗಟ್ಟಿಗಿತ್ತಿ. ಸಿಬ್ಬಂದಿ ವಿಭಾಗದ ನನಗೆ ಹೊಗಳುವ ಚಟವಿಲ್ಲ. ಹೊಗಳಿದರೆ ಮರುದಿನವೇ ಬಡ್ತಿ ಕೇಳುತ್ತಾರೆ. ಆದರೂ ಈಕೆಯನ್ನು ಹೊಗಳದೆ ವಿಧಿಯಿಲ್ಲ.

ಮನೆಯಿಂದ ಕೆಲಸ ಮಾಡುವ ಸೌಲಭ್ಯ ಮುಂದಿನ ತಿಂಗಳಿಂದ ರದ್ದು ಎಂದು ಸುತ್ತೋಲೆ ಹೊರಡಿಸಿದವನು ನಾನೇ. ಅವಳ ತಂಡ ಕೆಂಡವಾಯಿತು. ಮನೆಯಿಂದಲೇ ಲಾಗಿನ್ ಆಗಿ ಕೆಲಸ ಮುಗಿಸಿ ಕೊಟ್ಟರೆ ಯಾರೇನು ಮಾಡುತ್ತಾರೆ ಎಂದು ಒಟ್ಟಾಗಿ ತೀರ್ಮಾನಿಸಿದರು. ಗಟ್ಟಿಗಿತ್ತಿ ಮಾತ್ರ ನನ್ನ ಕೋಣೆಗೆ ಬಂದಳು. ಅವಳ ಗಂಡನಿಗೆ ದೃಷ್ಟಿ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಒಲೆ ಹಚ್ಚಲು ಹೋಗಿ ಕೈ ಸುಟ್ಟುಕೊಂಡಿದ್ದ. ಅವನನ್ನು ಒಬ್ಬನೇ ಬಿಡುವಂತಿಲ್ಲ, ಇವಳು ಕೆಲಸ ಬಿಟ್ಟರೆ ಮನೆ ನಡೆಯುವುದಿಲ್ಲ.

"ಸಾರ್, ಇದು ನಮ್ಮ ಹಕ್ಕಾ, ಇಲ್ಲ ನೀವು ಕೊಟ್ಟ ಸೌಲಭ್ಯಾನಾ? ನೇರವಾಗಿ ಹೇಳಿ."

ಹೇಳಿದೆ. ಕೆಲಸದ ಸ್ಥಳ ಮನೆಯೇ ಎಂದು ನೇಮಕಾತಿ ಪತ್ರದಲ್ಲಿದ್ದರೆ ಬದಲಾಯಿಸಲು ಅವಳ ಒಪ್ಪಿಗೆ ಬೇಕಾಗುತ್ತಿತ್ತು. ಆದರೆ ಅಲ್ಲಿ ಇದ್ದದ್ದು ಕಚೇರಿಯ ವಿಳಾಸ. ಸೌಲಭ್ಯ ಕೊಟ್ಟದ್ದೂ ಮುಂದಿನ ಆದೇಶದವರೆಗೆ ಮಾತ್ರ. ಮುಂಚೆ ತಿಳಿಸಿ ಹಿಂಪಡೆಯಬಹುದು. ಹಟ ಹಿಡಿದು ಬಾರದಿದ್ದರೆ ಗೈರುಹಾಜರಿ. ಕಾರಣ ಕೊಟ್ಟು ಕೇಳಿದರೆ ನಮ್ಮ ನಿಯಮದಂತೆ ಮ್ಯಾನೇಜರ್ ಪರಿಶೀಲಿಸಬೇಕು, ಕೊಡಲೇಬೇಕೆಂದಿಲ್ಲ.

"ಹಾಗಾದ್ರೆ ಬರ್ತೀನಿ ಸಾರ್. ಬಂದೇ ಕೇಳ್ತೀನಿ."

ಹೊಸ ತಿಂಗಳ ಮೊದಲ ದಿನವೇ ಗಂಡನ ಜೊತೆ ತಂಗಿಯನ್ನು ಬಿಟ್ಟು ಬಂದಳು. ಖಾಲಿ ಕುರ್ಚಿಗಳ ನಡುವೆ ಒಬ್ಬಳೇ. ಅವಳನ್ನು ಆಡಳಿತದ ಚಮಚಾ ಎಂದು ಫೋನಿನಲ್ಲಿ ಮೊದಲು ಕರೆದವಳು ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ, ಆಗಷ್ಟೇ ಬಾಣಂತನ ಮುಗಿಸಿದ್ದ ಹುಡುಗಿ. ವಾರ ಕಳೆಯುವುದರೊಳಗೆ ಉಳಿದವರಿಗೆಲ್ಲ ನೋಟಿಸು ಹೋಯಿತು. ಕೆಲಸ ಮಾಡಿದ್ದೂ ನಿಜ, ಗೈರಾದದ್ದೂ ನಿಜ. ಮುಖ ಊದಿಸಿಕೊಂಡು ಎಲ್ಲರೂ ಬಂದರು.

ಆಗ ಗಟ್ಟಿಗಿತ್ತಿ ಮ್ಯಾನೇಜರ್ ಮುಂದೆ ನಿಂತಳು. ಬಿಲ್ಲು ಗುಡ್ಡೆ ಬೀಳುವುದು ವಾರದ ಮೊದಲ ಮೂರು ದಿನ, ಆಗ ಎಲ್ಲರೂ ಕಚೇರಿಯಲ್ಲೇ ಇರಬೇಕು ಎಂದು ತಾನೇ ಒಪ್ಪಿದಳು. ಆ ದಿನಗಳಲ್ಲಿ ಗಂಡನನ್ನು ಅಂಧರ ತರಬೇತಿ ಕೇಂದ್ರಕ್ಕೆ ಸೇರಿಸುತ್ತೇನೆ, ಉಳಿದೆರಡು ದಿನ ಮನೆಯಿಂದ ಮಾಡಲು ಬಿಡಿ ಎಂದಳು. ತಂಡದವರಿಗೆ ಎಚ್ಚರಿಕೆ ಕೊಟ್ಟು ಅಲ್ಲಿಗೇ ಬಿಡಿ ಎಂದೂ ಸೇರಿಸಿದಳು. ಚಮಚಾ ಅನ್ನಿಸಿಕೊಂಡವಳು ಅವರಿಗಾಗಿ ವಾದಿಸುವುದನ್ನು ಕಂಡು ನನಗೆ ನಾಚಿಕೆಯಾಯಿತು, ಹೆಮ್ಮೆಯೂ ಆಯಿತು. ಎಚ್ಚರಿಕೆಯಲ್ಲೇ ಮುಗಿಯಿತು. ಎರಡು ದಿನದ ಅನುಮತಿ ಮಾತ್ರ ತಂಡದಲ್ಲಿ ಒಬ್ಬರಿಗೆ, ಮೂರು ತಿಂಗಳ ಮಟ್ಟಿಗೆ ಎಂದಾಯಿತು; ಅದು ಗಟ್ಟಿಗಿತ್ತಿಗೇ ಸಿಕ್ಕಿತು.

ಅವಧಿ ಮುಗಿದಾಗ ಮುಂದುವರಿಸುವ ಆದೇಶ ಸಿದ್ಧಮಾಡಿ ಕರೆದೆ.

"ನನಗೆ ಬೇಡ ಸಾರ್. ನನ್ನ ಪಕ್ಕದ ಕುರ್ಚಿಯವಳಿಗೆ ಕೊಡಿ, ಮಗು ಇನ್ನೂ ಚಿಕ್ಕದು."

ಮನೆಯವರ ಗತಿ ಏನು ಎಂದು ಕೇಳಿದೆ. ಅವಳು ಕಿಟಕಿಯತ್ತ ಕೈ ತೋರಿಸಿದಳು. ಕೆಳಗೆ ಗೇಟಿನ ಬಳಿ ಬಿಳಿ ಕೋಲು ಹಿಡಿದು ಒಬ್ಬರು ನಿಂತಿದ್ದರು.

"ಒಬ್ರೇ ಬಸ್ಸಲ್ಲಿ ಬಂದಿದಾರೆ. ನನ್ನನ್ನ ಮನೆಗೆ ಕರ್ಕೊಂಡು ಹೋಗೋಕೆ."