ವ್ಯಕ್ತಿತ್ವಕ್ಕೆ ಹತ್ತು ಅಂಕ

ಕಳೆದ ವಾರ ಅಟ್ಟದ ಮೇಲಿನ ಟ್ರಂಕು ಒರೆಸುವಾಗ, ತಳಕ್ಕೆ ಹಾಸಿದ್ದ ಕಾಗದದಡಿ ಒಂದು ಕಪ್ಪುಬಿಳುಪು ಫೋಟೊ ಸಿಕ್ಕಿತು. ಸ್ಟುಡಿಯೋದಲ್ಲಿ ತೆಗೆಸಿದ್ದು. ಹುಡುಗಿಯೊಬ್ಬಳು ಬಲಗೆನ್ನೆ ಮಾತ್ರ ಕಾಣುವಂತೆ ತಿರುಗಿ ಕೂತಿದ್ದಾಳೆ. ನನ್ನ ಹೆಂಡತಿ ಯಾರಿದು ಎಂದು ಕೇಳಿದಳು. ನಮ್ಮ ಶಾಲೆಯ ಲೆಕ್ಕದ ಅಕ್ಕೋರು ಎಂದೆ. ಅದು ನಿಜವೇ. ಆದರೆ ಆ ಫೋಟೊ ನಮ್ಮ ಮನೆಗೆ ಬಂದಾಗ ಅವರಿನ್ನೂ ಅಕ್ಕೋರಾಗಿರಲಿಲ್ಲ...

ಎಂಬತ್ತರ ದಶಕದ ನಡುವಿನ ಮಾತು. ನಾನು ಚಿಕ್ಕೋಡಿಯವನು, ಐದನೇ ತರಗತಿಯಿಂದ ಹತ್ತರವರೆಗಿದ್ದ ರಾಯಬಾಗದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರನಾಗಿ ಆಗಷ್ಟೇ ಸೇರಿದ್ದೆ. ಶಿರಗುಪ್ಪಿಯಲ್ಲಿ ಕಬ್ಬಿನ ಹೊಲವಿದ್ದ ಮನೆತನದ ಹುಡುಗಿ, ಬಿ.ಎಸ್ಸಿ. ಓದಿದ್ದಾಳೆ ಎಂದು ಫೋಟೊ ಬಂತು. ಅಪ್ಪ, ಅಪ್ಪನ ಅಕ್ಕ ಅಂದರೆ ನಮ್ಮ ಅತ್ತಿ, ನಾನು ಕನ್ಯಾ ನೋಡಲು ಹೋದೆವು. ಶಿರಾ, ಅವಲಕ್ಕಿ, ಚಹಾ ಬಂದವು. ಹುಡುಗಿ ತಟ್ಟೆ ಹಿಡಿದು ಬಂದಾಗ ಎಡಗೆನ್ನೆ ಕಂಡಿತು. ಕಿವಿಯಿಂದ ಗದ್ದದವರೆಗೆ ಸುಟ್ಟ ಕಲೆ, ಚರ್ಮ ಮುದುಡಿ ಗಟ್ಟಿಯಾಗಿತ್ತು. ಚಿಕ್ಕವಳಿದ್ದಾಗ ಬೆಲ್ಲದ ಗಾಣದಲ್ಲಿ ಕುದಿಯುವ ಪಾಕ ಸಿಡಿದದ್ದಂತೆ. ನಮ್ಮ ಅತ್ತಿ ಎದ್ದು ಹೋಗಿ ಆಕೆಯ ಗದ್ದ ಹಿಡಿದು ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿದಳು. ನಾನು ಕೈಯಲ್ಲಿದ್ದ ಚಹಾದ ಕಪ್ಪುಬಸಿ ನೋಡುತ್ತ ಕುಳಿತೆ.

ಮನೆಗೆ ಬಂದು ಒಲ್ಲೆ ಎಂದೆ. ಕುಂಡಲಿ ಕೂಡಲಿಲ್ಲ ಎಂದು ಅಪ್ಪ ಹೇಳಿ ಕಳಿಸಿದರು. ಮರುವರ್ಷ ನನ್ನ ಮದುವೆಯಾಯಿತು. ನೋಡಿದ ಕೂಡಲೇ ಮನಸ್ಸಿಗೆ ಬಂದವಳು, ಇಂದಿಗೂ ನನ್ನ ಜೊತೆಗಿದ್ದಾಳೆ. ಆ ಆಯ್ಕೆಯ ಬಗ್ಗೆ ನನಗೆ ಪಶ್ಚಾತ್ತಾಪವಿಲ್ಲ.

ಐದಾರು ವರ್ಷಗಳ ಮೇಲೆ ನಮ್ಮ ಶಾಲೆಯಲ್ಲಿ ಗಣಿತದ ಜಾಗ ಖಾಲಿಯಾಯಿತು. ಆಡಳಿತ ಮಂಡಳಿಯ ಚೇರಮನ್ನರು, ಹೆಡ್ ಮಾಸ್ತರು, ಶಿಕ್ಷಕರ ಪರವಾಗಿ ನಾನು, ಹೀಗೆ ಮೂವರು ಸಂದರ್ಶನಕ್ಕೆ ಕೂತೆವು. ಅರ್ಜಿಗಳ ನಡುವೆ ಒಂದರ ಮೇಲೆ ಶಿರಗುಪ್ಪಿಯ ಅದೇ ಹುಡುಗಿಯ ಫೋಟೊ ಇತ್ತು. ಈ ಸಲ ಅವರು ಕ್ಯಾಮೆರಾಕ್ಕೆ ನೆಟ್ಟಗೆ ಮುಖ ಕೊಟ್ಟಿದ್ದರು. ಕಲೆ ಪೂರ್ತಿ ಕಾಣುತ್ತಿತ್ತು.

ಅಭ್ಯರ್ಥಿಗಳು ಒಂಬತ್ತನೇ ಇಯತ್ತೆಗೆ ಅರ್ಧ ತಾಸು ಪಾಠ ಮಾಡಿ ತೋರಿಸಬೇಕಿತ್ತು. ಅವರು ಮಕ್ಕಳನ್ನೆಲ್ಲ ಅಂಗಳಕ್ಕೆ ಕರೆದುಕೊಂಡು ಹೋದರು. ಒಂದು ಮೀಟರಿನ ಪಟ್ಟಿಯನ್ನು ನೆಟ್ಟಗೆ ನಿಲ್ಲಿಸಿ ನೆರಳು ಅಳೆಸಿದರು, ಅರ್ಧ ಮೀಟರು. ಧ್ವಜದ ಕಂಬದ ನೆರಳು ಅಳೆಸಿದರು, ಮೂರು ಮೀಟರು. ಕಂಬ ಹತ್ತದೆಯೇ ಅದರ ಎತ್ತರ ಆರು ಮೀಟರು ಎಂದು ಮಕ್ಕಳೇ ಕೂಗಿದರು.

"ಹಂಗಾದ್ರ ಸಕ್ಕರಿ ಕಾರ್ಖಾನಿ ಚಿಮಣಿ ಎತ್ತರ ಅಳ್ಯಾಕ ಮ್ಯಾಲೆ ಹತ್ತಬೇಕೇನ?" ಎಂದು ಕೇಳಿದರು.

ಹಿಂದಿನ ಬೆಂಚಿನ ಹುಡುಗರೂ ಕೈ ಎತ್ತಿದ್ದರು. ಪಾಠದ ಅಂಕದಲ್ಲಿ ಅವರು ಎರಡನೆಯವನಿಗಿಂತ ಹತ್ತು ಮುಂದಿದ್ದರು. ಆ ಎರಡನೆಯವನು ನಿಪ್ಪಾಣಿಯ ಹುಡುಗ, ಎತ್ತರದ ನಿಲುವು, ನಗುಮುಖ.

ಅಂಕಪಟ್ಟಿಯ ಕೊನೆಯಲ್ಲಿ 'ವ್ಯಕ್ತಿತ್ವ' ಎಂಬ ಕಾಲಮು ಇತ್ತು. ಒಬ್ಬೊಬ್ಬರ ಕೈಯಲ್ಲಿ ಹತ್ತು ಅಂಕ. ಅದರಲ್ಲಿ ಏನು ಅಳೆಯಬೇಕೆಂದು ಯಾರೂ ಬರೆದಿರಲಿಲ್ಲ. ಹುಡುಗನಿಗೆ ಮೂವರಿಂದ ಒಂಬತ್ತು, ಎಂಟು, ಒಂಬತ್ತು ಬಿದ್ದವು. ಅಕ್ಕೋರಿಗೆ ಚೇರಮನ್ನರು ಎರಡು ಕೊಟ್ಟರು, ಹೆಡ್ ಮಾಸ್ತರು ಆರು. ಕೂಡಿಸಿದಾಗ ಅವರು ನಾಲ್ಕು ಅಂಕ ಹಿಂದೆ ಬಿದ್ದಿದ್ದರು. ಯಾಕೆಂದರೆ ನಾನು ಕೊಟ್ಟದ್ದು ನಾಲ್ಕು. ಬರೆಯುವಾಗ ನನಗೆ ಯಾವ ದುರುದ್ದೇಶವೂ ಇರಲಿಲ್ಲ. ಏನನ್ನು ಅಳೆದೆ ಎಂದು ಯಾರಾದರೂ ಕೇಳಿದ್ದರೆ ಉತ್ತರವೂ ಇರುತ್ತಿರಲಿಲ್ಲ.

"ಮಾಸ್ತರ ಅಂದ್ರ ನೋಡಾಕ ಛಂದ ಇರಬೇಕ್ರಿ. ಸಣ್ಣ ಹುಡುಗರು ಅಂಜತಾವ," ಎಂದರು ಚೇರಮನ್ನರು. ಸಹಿಗೆ ಮುನ್ನ ಚಹಾ ಕುಡಿಯೋಣ ಎಂದು ಎದ್ದೆವು.

ಪಡಸಾಲೆಯ ಬೆಂಚಿನ ಮೇಲೆ ಅವರೊಬ್ಬರೇ ಕೂತಿದ್ದರು. ತಪ್ಪಿಸಿಕೊಂಡು ಹೋಗಬೇಕೆಂದಿದ್ದೆ, ಅವರೇ ಕರೆದರು.

"ಸರ್, ನನ್ನ ಗುರ್ತ ಹತ್ತೇತೇನ್ರಿ?"

"ಹತ್ತೇತ್ರಿ."

"ಆವತ್ತ ನೀವು ಒಲ್ಲೆ ಅಂದ್ರಿ. ಅದಕ ನನಗ ಸಿಟ್ಟಿಲ್ಲರಿ. ಜೋಡಿ ಬಾಳುವೆ ಮಾಡಾವ್ರ ಮನಸಿಗೆ ಬರಬೇಕು. ಅಂಕಲಿ ಊರಿನವ್ರು ಒಬ್ಬರು ನನ್ನ ನೋಡಾಕ ಬಂದಿದ್ರು, ಭಾಳ ಛಲೋ ಮನಶ್ಯಾ. ಅವರ ಮಾರಿ ನನ್ನ ಮನಸಿಗೆ ಬರಲಿಲ್ಲ, ನಾನೂ ಒಲ್ಲೆ ಅಂದೆ." ಸಂದರ್ಶನದ ಕೋಣೆಯತ್ತ ಕೈ ತೋರಿಸಿದರು. "ಆದ್ರ ಇವತ್ತ ನೀವ್ಯಾರೂ ನನ್ನ ಜೋಡಿ ಸಂಸಾರ ಮಾಡಾಕ ಕುಂತಿಲ್ಲ. ಲೆಕ್ಕ ಕಲಿಸಾಕ ಕರದೀರಿ. ಇದು ಐದನೇ ಇಂಟರ್‌ವ್ಯೂರಿ. ಲೆಕ್ಕ ಬರತೈತೋ ಇಲ್ಲೋ, ಅಷ್ಟ ನೋಡ್ರಿ."

"ಹಂಗಾದ್ರ ಆವತ್ತ ನಂದೇನೂ ತಪ್ಪಿಲ್ಲೇನ್ರಿ?" ಎಂದು ಕೇಳಿಬಿಟ್ಟೆ. ಕ್ಷಮೆಯ ಆಸೆಯಿತ್ತೇನೋ...

"ಒಲ್ಲೆ ಅಂದದ್ದು ತಪ್ಪಲ್ಲ. ಕುಂಡಲಿ ಅಂತ ಸುಳ್ಳು ಹೇಳಿದ್ದು ತಪ್ಪು. ನಮ್ಮವ್ವ ಆರು ತಿಂಗಳು ಗ್ರಹಶಾಂತಿ ಮಾಡಿಸಿಕೋತ ಅಡ್ಡಾಡಿದಳು. ಮತ್ತ ನಿಮ್ಮ ಅತ್ತಿ ನನ್ನ ಗದ್ದಾ ಹಿಡದು, ಸಂತ್ಯಾಗ ಎಮ್ಮಿ ನೋಡಿದಂಗ ನೋಡಿದ್ರು. ನೀವು ನನ್ನ ಒಂದ ಮಾತ ಕೇಳಲಿಲ್ಲ. ಒಲ್ಲೆ ಅಂದದ್ದು ನಿಮ್ಮ ಮನಸೋ, ನಿಮ್ಮ ಅತ್ತಿ ಮನಸೋ, ನಿಮಗರೆ ಗೊತ್ತೈತೇನ್ರಿ?"

ಈಗ ಯೋಚಿಸಿದರೆ, ಎರಡೂ ಬೆರೆತಿದ್ದವು. ಬೆಳ್ಳಗಿರಬೇಕು, ಕಲೆ ಇರಬಾರದು ಎಂದು ಮನೆಮನೆಯೂ ಒಂದೇ ಮಾತಾಡಿದರೆ ಅದು ಒಬ್ಬೊಬ್ಬರ ರುಚಿಯಾಗಿ ಉಳಿಯುವುದಿಲ್ಲ, ಕೆಲವರ ಪಾಲಿಗೆ ಊರೇ ಕದ ಹಾಕಿದಂತಾಗುತ್ತದೆ. ಹಾಗೆಂದು ಪ್ರೀತಿಯನ್ನು ನ್ಯಾಯದ ತಕ್ಕಡಿಯಲ್ಲಿ ತೂಗಿ ಹಂಚಲು ಬರುವುದಿಲ್ಲ. ಒಪ್ಪದ ಮನಸ್ಸಿನಿಂದ ಕಟ್ಟಿದ ತಾಳಿ ಆಕೆಗೂ ಬೇಕಾಗಿರಲಿಲ್ಲ. ಕೆಲಸ ಹಾಗಲ್ಲ. ಅದು ಬಲ್ಲವರಿಗೆ ಸಲ್ಲಬೇಕಾದದ್ದು, ಅಲ್ಲಿ ಮುಖ ನೋಡಿ ತಡೆದರೆ ಅದು ಅನ್ಯಾಯ. ಇದರಲ್ಲಿ ನನಗೆ ಇಂದಿಗೂ ಸಂಶಯವಿಲ್ಲ.

ಒಳಗೆ ಹೋಗಿ ನನ್ನ ಅಂಕಪಟ್ಟಿ ಕೇಳಿ ಪಡೆದು, ನಾಲ್ಕನ್ನು ಹೊಡೆದು ಎಂಟು ಮಾಡಿ ಪಕ್ಕದಲ್ಲಿ ಸಹಿ ಹಾಕಿದೆ. ಇಬ್ಬರೂ ಸರಿಸಮವಾದರು.

"ಏನ್ ಮಾಸ್ತರ, ಏನಾತು?" ಎಂದು ಚೇರಮನ್ನರು ಹುಬ್ಬೇರಿಸಿದರು.

"ಅರ್ಧ ತಾಸು ಹುಡುಗರು ಅಂಗಳದಾಗ ಇದ್ರಲ್ರಿ, ಒಬ್ಬರರೆ ಅಂಜಿದ್ರೇನ್ರಿ? ನೀವು ಎರಡು ಕೊಟ್ಟೀರಿ. ಮಾರಿ ಮ್ಯಾಲೆ ಕಲೆ ಐತಿ, ಅದಕ್ಕ ಕೊಟ್ಟೇನಿ ಅಂತ ಠರಾವಿನ್ಯಾಗ ಬರೀರಿ. ನಾನೂ ಸಹಿ ಮಾಡತೇನಿ."

ಅವರು ಪೆನ್ನು ತೆಗೆದರು. ನಿರ್ಣಯ ಬರೆಯುವ ಠರಾವು ಪುಸ್ತಕದ ಮೇಲೆ ಅದನ್ನು ಹಿಡಿದುಕೊಂಡು ಬಹಳ ಹೊತ್ತು ಕೂತರು. ಬಾಯಲ್ಲಿ ಸಲೀಸಾಗಿ ಬಂದ ಕಾರಣ ಕಾಗದದ ಮೇಲೆ ಇಳಿಯಲಿಲ್ಲ. ಕೊನೆಗೆ ಚೇರಮನ್ನರು ಎರಡನ್ನು ಐದು ಮಾಡಿದರು.

ಜೂನ್‌ನಲ್ಲಿ ಅಕ್ಕೋರು ಸೇರಿದರು. ಮೊದಲ ದಿನವೇ ಐದನೇ ಇಯತ್ತೆಯ ಹುಡುಗಿಯೊಬ್ಬಳು ಎದ್ದು ನಿಂತು, "ಅಕ್ಕೋರ, ನೋಯತೈತೇನ್ರಿ?" ಎಂದಳಂತೆ.

"ಈಗಿಲ್ಲವಾ. ಸಣ್ಣಾಕಿ ಇದ್ದಾಗ ಗಾಣದಾಗ ಪಾಕ ಸಿಡದಿತ್ತು. ಎಲ್ಲಾರೂ ಒಮ್ಮೆ ಛಲೋತ್ನ್ಯಾಗ ನೋಡಿ ಮುಗಸ್ರಿ. ಆಮ್ಯಾಲೆ ಬೋರ್ಡ್ ನೋಡ್ರಿ," ಎಂದರಂತೆ ಅಕ್ಕೋರು. ಮಕ್ಕಳು ನೋಡಿ ಮುಗಿಸಿದರು.

ಹದಿನೇಳು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಕೂತೆವು. ಅವರು ಮದುವೆಯಾಗಲಿಲ್ಲ. ಅದರ ಬಗ್ಗೆ ಅವರು ಮಾತಾಡಲಿಲ್ಲ, ನಾನೂ ಕೇಳಲಿಲ್ಲ. ಹೊಸ ಮಾಸ್ತರರು ಬಂದಾಗಲೆಲ್ಲ ನನ್ನತ್ತ ಕೈ ತೋರಿಸಿ, "ಚೇರಮನ್ರು ಬ್ಯಾಡ ಅಂದಾಗ ಈ ಸರ್ ಒಬ್ಬರ ನನ್ನ ಪರ ನಿಂತಿದ್ರು" ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ಹೆಡ್ ಮಾಸ್ತರು ಹೇಳಿದ್ದನ್ನಷ್ಟೇ ಅವರು ಕೇಳಿದ್ದರು, ನಾನು ಮೊದಲು ಕೊಟ್ಟ ನಾಲ್ಕು ಅವರಿಗೆ ಗೊತ್ತಿರಲಿಲ್ಲ. ನಾನು ತಲೆ ತಗ್ಗಿಸಿ ನಗುತ್ತಿದ್ದೆ. ವಿನಯ ಎಂದುಕೊಳ್ಳುತ್ತಿದ್ದರು.

ಎರಡು ವರ್ಷಗಳ ಹಿಂದೆ ಅವರು ತೀರಿಕೊಂಡರು. ಮಣ್ಣಿಗೆ ಹೋದಾಗ ಅವರ ತಮ್ಮ ನನ್ನ ಎರಡೂ ಕೈ ಹಿಡಿದು, "ನಮ್ಮ ಅಕ್ಕನ ಪರ ನಿಂತಾವ್ರು ನೀವಽ ಅಲ್ಲೇನ್ರಿ?" ಎಂದ. ಮೊದಲು ನಾಲ್ಕು ಕೊಟ್ಟವನೂ ನಾನೇ ಎಂದು ನಾನು ಯಾರಿಗೆ ಹೇಳಬೇಕಾಗಿತ್ತೋ ಆ ಒಬ್ಬರೇ ಒಬ್ಬರು ಅಲ್ಲಿ ಕಣ್ಣುಮುಚ್ಚಿ ಮಲಗಿದ್ದರು. ಹೌದ್ರಿ ಎಂದೆ.