ನಾಲ್ಕನೇ ಜ್ವರಕ್ಕೆ ಬಂದ ಓದುಗರು

ಆ ಮಧ್ಯಾಹ್ನ ನಾನು ಫೋನು ಹಿಡಿದುಕೊಂಡು ರೇಷ್ಮೆ ಹುಳದ ಮನೆಯಿಂದ ಅಡುಗೆಮನೆಗೆ ಓಡಿದ ರಭಸಕ್ಕೆ, ಅತ್ತೆ ಹಾವು ಬಂತೆಂದುಕೊಂಡು ಕೈಗೆ ಸಿಕ್ಕ ಮಚ್ಚು ಎತ್ತಿಕೊಂಡಿದ್ದರು. ನನಗೆ ಏದುಸಿರು ನಿಲ್ಲುತ್ತಿರಲಿಲ್ಲ. ನನ್ನ ಲೇಖನವನ್ನು ಒಂದೇ ದಿನದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಜನ ತೆರೆದು ನೋಡಿದ್ದಾರೆ ಎಂದು ಫೋನು ತೋರಿಸುತ್ತಿತ್ತು.

"ಎರಡು ಸಾವಿರ ಜನವಾ? ನಮ್ಮೂರ್ ಪೂರ್ತಿ ಸೇರುಸುದ್ರೂ ಅಷ್ಟು ಜನ ಇಲ್ವಲ್ಲಮ್ಮಿ" ಎಂದು ಅತ್ತೆ ಮಚ್ಚನ್ನು ಕೆಳಗಿಟ್ಟರು. ನಾನು ಕುಣಿಯುವುದೊಂದು ಬಾಕಿ.

ನಮ್ಮದು ರಾಮನಗರದ ಹತ್ತಿರ, ಕೈಲಾಂಚ ಕಡೆಯ ಹಳ್ಳಿ. ಒಂದೂವರೆ ಎಕರೆ ಹಿಪ್ಪುನೇರಳೆ, ಎರಡು ಹಸು, ವರ್ಷಕ್ಕೆ ಆರೇಳು ಬೆಳೆ ರೇಷ್ಮೆ. ಮದುವೆಯಾಗಿ ಬಂದು ಹನ್ನೊಂದು ವರ್ಷ ನಾನು ಬರೆದಿದ್ದೆಂದರೆ ದಿನಸಿ ಚೀಟಿ ಮಾತ್ರ. ಕಾಲೇಜಿನಲ್ಲಿ ಜೊತೆಗಿದ್ದ ಗೆಳತಿಯೊಬ್ಬಳು ಮಾಗಡಿ ಬಸ್ ಸ್ಟ್ಯಾಂಡಿನ ಪಕ್ಕ ಝೆರಾಕ್ಸ್ ಅಂಗಡಿ ಇಟ್ಟಿದ್ದಾಳೆ. ಓದುಗರು ತಿಂಗಳ ಚಂದಾ ಕಟ್ಟಿ ಓದುವ ಒಂದು ಆ್ಯಪ್‌ಗೆ ನನ್ನನ್ನು ಸೇರಿಸಿದ್ದು ಅವಳೇ. ಅದರಲ್ಲಿ ಪಾರ್ಟ್ನರ್ ಪ್ರೋಗ್ರಾಂ ಅಂತ ಒಂದಿದೆ. ಅದಕ್ಕೆ ಸೇರಿದವರ ಲೇಖನಗಳನ್ನು ಚಂದಾದಾರರು ಓದಿದರೆ, ಅವರು ಕಟ್ಟಿದ ಚಂದಾದಲ್ಲಿ ಒಂದು ಪಾಲು ಬರೆದವರಿಗೆ ಬರುತ್ತದೆ. ಇಷ್ಟು ಕೇಳಿಸಿಕೊಂಡವಳು ಉಳಿದ ನಿಯಮಗಳನ್ನು ಓದುವ ಗೋಜಿಗೆ ಹೋಗಲಿಲ್ಲ. ನನ್ನ ಬುದ್ಧಿಯೇ ಹಾಗೆ, ಅಡುಗೆಯನ್ನೂ ಬಡಿಸಿದ ಮೇಲೆ ರುಚಿ ನೋಡುವವಳು.

ಬರೆಯಲು ಹೊತ್ತೆಲ್ಲಿತ್ತು? ಹುಳು ದೊಡ್ಡದಾದ ಮೇಲೆ ದಿನಕ್ಕೆ ಮೂರು ಸಲ ಸೊಪ್ಪು ಹಾಕಬೇಕು. ನಡುವಿನದು ಮಧ್ಯಾಹ್ನದ್ದು, ಅದು ನನ್ನ ಪಾಲಿನ ಕೆಲಸ. ನಾನು ಅಂಜುತ್ತಲೇ ಕೇಳಿದಾಗ ಅತ್ತೆ ಸ್ವಲ್ಪ ಯೋಚಿಸಿ ಹೇಳಿದ್ದರು: "ಈ ಬೆಳೆ, ಮುಂದಿನ್ ಬೆಳೆ, ಎರಡಕ್ಕೂ ಮಧ್ಯಾನದ್ ಸೊಪ್ಪು ನಾನೇ ಹಾಕ್ತೀನಿ. ಆ ಒಂದು ಗಂಟೆ ನಿಂದು. ಎರಡ್ನೇ ಬೆಳೆ ಗೂಡು ರಾಮನಗರದ ಮಾರ್ಕೆಟ್‌ಗೆ ಹೋಗೋ ಹೊತ್ಗೆ ಏನೂ ಕಾಣ್ದಿದ್ರೆ ಬುಟ್ಟುಬುಡು. ನಂಗೂ ಮಂಡಿ ನೋಯ್ತದೆ." ಅದರಲ್ಲಿ ತಪ್ಪು ಹುಡುಕುವಂತಿರಲಿಲ್ಲ. ಆದರೆ ಆ ಒಂದು ಗಂಟೆ ಹನ್ನೊಂದು ವರ್ಷದಲ್ಲಿ ನನ್ನದು ಅಂತ ಸಿಕ್ಕ ಮೊದಲ ಗಂಟೆ. ಅದನ್ನು ಕಳೆದುಕೊಳ್ಳಬಾರದೆಂದು ಹಟ ಬಂದುಬಿಟ್ಟಿತ್ತು.

ಆದ್ದರಿಂದ ಎರಡು ಸಾವಿರದ ಸುದ್ದಿ ನನ್ನನ್ನು ಆಕಾಶಕ್ಕೆ ಏರಿಸಿತು. ನಮ್ಮ ಯಜಮಾನರು ಡೇರಿಗೆ ಹಾಲು ಹಾಕಲು ಹೋದಾಗ ಅಲ್ಲಿದ್ದವರಿಗೆಲ್ಲ ಹೇಳಿ ಬಂದರು. ಚಂದಾ ಕಟ್ಟದವರೂ ಓದಬಹುದಾದ ಉಚಿತ ಲಿಂಕನ್ನು ನಾನು ನೆಂಟರ ವಾಟ್ಸಾಪ್ ಗುಂಪುಗಳಿಗೆಲ್ಲ ಕಳಿಸಿದೆ. ಚನ್ನಪಟ್ಟಣದ ಚಿಕ್ಕಮ್ಮನ ಮನೆಯವರು, ಕನಕಪುರದ ನಾದಿನಿಯ ಮನೆಯವರು, ಎಲ್ಲರಿಂದಲೂ "ನೋಡ್ದೆ, ಸೂಪರ್" ಎಂಬ ಉತ್ತರ ಬಂತು. ತಿಂಗಳ ಕೊನೆಗೆ ಎಷ್ಟು ಬರಬಹುದೆಂದು ನಾನು ಮನಸ್ಸಿನಲ್ಲೇ ಮಂಡಿಗೆ ತಿನ್ನುತ್ತಿದ್ದೆ.

ಆಗ ಒಂದು ಪ್ರತಿಕ್ರಿಯೆ ಬಂತು. "ಮೇಡಂ, ನನ್ನ ಮಗನಿಗೆ ಈ ತಿಂಗಳಲ್ಲಿ ಮೂರನೇ ಸಲ ಜ್ವರ. ನೀವು ಹೇಳಿದ ಸುಣ್ಣದ ಪುಡಿ ಯಾವ ಅಂಗಡಿಯಲ್ಲಿ ಸಿಗುತ್ತದೆ?"

ಓದಿದೊಡನೆ ನಾನು ಮಾಡಿದ ಎಡವಟ್ಟು ಹೊಳೆಯಿತು. ರೇಷ್ಮೆ ಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಪೊರೆ ಬಿಡುತ್ತದೆ. ಆ ಹೊತ್ತಿನಲ್ಲಿ ಅದು ತಿನ್ನುವುದಿಲ್ಲ, ತಲೆ ಎತ್ತಿಕೊಂಡು ಅಲ್ಲಾಡದೆ ಕೂತಿರುತ್ತದೆ. ಅದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಆಗ ಸೊಪ್ಪು ನಿಲ್ಲಿಸಿ, ಹುಳದ ಕೆಳಗಿನ ಸೊಪ್ಪಿನ ಹಾಸು ಒಣಗಲೆಂದು ಮೇಲೆ ಸುಣ್ಣದ ಪುಡಿ ಉದುರಿಸುತ್ತೇವೆ. ನಾನು ಕೊಟ್ಟ ತಲೆಬರಹ "ನಾಲ್ಕನೇ ಜ್ವರ ಬಂದಾಗ ಊಟ ನಿಲ್ಲಿಸಿ". ವಿಷಯ ಆರಿಸಿ ಎಂದು ಆ್ಯಪ್ ಕೇಳಿದಾಗ ಆರೋಗ್ಯ ಎಂದು ಒತ್ತಿದ್ದೆ. ಹುಳದ ಆರೋಗ್ಯವೂ ಆರೋಗ್ಯವೇ ತಾನೇ!

ತಕ್ಷಣ ಆ ತಾಯಿಗೆ ಉತ್ತರ ಬರೆದೆ: ಇದು ರೇಷ್ಮೆ ಹುಳದ ಮಾತು, ದಯವಿಟ್ಟು ಮಗುವನ್ನು ಈಗಲೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಸುಣ್ಣದ ಸುದ್ದಿಗೆ ಹೋಗಬೇಡಿ. ಅವರು ಆಸ್ಪತ್ರೆಗೆ ಹೋಗಿ ಬಂದೆವೆಂದು ತಿಳಿಸುವವರೆಗೂ ನಾನು ಫೋನು ಕೆಳಗಿಡಲಿಲ್ಲ. ಆಮೇಲೆ ತಲೆಬರಹಕ್ಕೆ ರೇಷ್ಮೆ ಹುಳು ಎಂದು ಸೇರಿಸಿ, ಲೇಖನವನ್ನು ಆರೋಗ್ಯದಿಂದ ಕೃಷಿಗೆ ಬದಲಿಸಿ, ಗೆಳತಿಗೆ ಫೋನು ಮಾಡಿದೆ.

ಅವಳು ಬಿದ್ದು ಬಿದ್ದು ನಕ್ಕಳು. ನಕ್ಕು ಸಾಕಾದ ಮೇಲೆ ಕೇಳಿದಳು, "ನೋಟ ಎಷ್ಟು ಅನ್ನೋದ್ ಬುಡು. ಪಕ್ಕದ್ ಕಾಲಂನಲ್ಲಿ ಓದು ಅಂತ ಐತಲ್ಲ, ಅದೆಷ್ಟೈತೆ ಹೇಳೇ."

ನೋಡಿದೆ. ಹತ್ತೊಂಬತ್ತು.

"ಅಷ್ಟೇ ಕಣೇ ನಿನ್ನ ಲೆಕ್ಕ. ತೆಗುದ್ರೆ ನೋಟ. ಅರ್ಧ ನಿಮಿಷನಾದ್ರೂ ನಿಂತು ಓದುದ್ರೆ ಓದು. ಅದ್ರಲ್ಲೂ ಚಂದಾ ಕಟ್ಟಿರೋರು ಓದಿದ್ದಕ್ಕೆ ಮಾತ್ರ ದುಡ್ಡು, ಅವ್ರು ಜಾಸ್ತಿ ಹೊತ್ತು ಓದ್ದಷ್ಟೂ ಜಾಸ್ತಿ. ಜ್ವರ ಅಂತ ಬಂದೋರು ಹುಳ ನೋಡ್ಬುಟ್ಟು ಓಡೋಗವ್ರೆ."

"ನಮ್ಮ ನೆಂಟ್ರು ಅಷ್ಟೊಂದು ಜನ ಓದುದ್ರಲ್ಲೇ?"

"ಉಚಿತ ಲಿಂಕ್ ಕೊಟ್ಟಿದ್ದು ನೀನೇ ತಾನೆ? ಅದ್ರಲ್ಲಿ ಬಂದೋರು ಪೂರ್ತಿ ಓದುದ್ರೂ ಸೊನ್ನೆ. ಬಾಗ್ಲು ತೆಗ್ದು ಎಲ್ರುನ್ನೂ ಬಿಟ್ಟಿ ಒಳಕ್ ಬುಟ್ಟಿದ್ದೀಯ."

ಚಿಕ್ಕಮ್ಮ, ನಾದಿನಿ, ಎಲ್ಲರ ಸೂಪರ್‌ಗಳೂ ಗಾಳಿಗೆ ಹೋದವು. ತಿಂಗಳ ಕೊನೆಗೆ ಬಂದಿದ್ದು ಒಂದು ಕಾಫಿಗೂ ಸಾಲದಷ್ಟು. ಅತ್ತೆಗೆ ತಲೆ ತಗ್ಗಿಸಿಕೊಂಡೇ ಹೇಳಿದೆ. ಅವರು ನಗಲೂ ಇಲ್ಲ, ಬೈಯಲೂ ಇಲ್ಲ. "ಇನ್ನೊಂದ್ ಬೆಳೆ ಐತಲ್ಲ" ಎಂದಷ್ಟೇ ಹೇಳಿ ಸೊಪ್ಪು ತರಲು ಹೋದರು.

ಗೆಳತಿಯ ಸಲಹೆ ನೇರವಾಗಿತ್ತು. ಚಂದಾ ಕಟ್ಟುವವರಲ್ಲಿ ಹೆಚ್ಚಿನವರು ಸಂಸಾರ, ಮನಸ್ಸು, ದುಡ್ಡಿನ ವಿಷಯ ಓದುತ್ತಾರೆ, ರೇಷ್ಮೆ ಯಾರಿಗೆ ಬೇಕು ಎಂದಳು. ಅಂಥದ್ದನ್ನೇ ಬರೆಯುವ ಅವಳಿಗೆ ದುಡ್ಡು ಚೆನ್ನಾಗಿಯೇ ಬರುತ್ತಿತ್ತು, ಸುಳ್ಳು ಹೇಳುವ ಪೈಕಿ ಅವಳಲ್ಲ. ಸರಿ, "ಅತ್ತೆಯ ಮನಸ್ಸು ಗೆಲ್ಲಲು ಏಳು ಉಪಾಯ" ಎಂದು ಬರೆಯಲು ಕೂತೆ. ಅತ್ತೆ ಆಚೆ ನನ್ನ ಪಾಲಿನ ಸೊಪ್ಪು ಹಾಕುತ್ತಿದ್ದರು, ನಾನು ಒಳಗೆ ಎರಡನೇ ಉಪಾಯಕ್ಕೆ ತಲೆ ಕೆರೆದುಕೊಳ್ಳುತ್ತಿದ್ದೆ. ಮೂರನೆಯದು ಹೊಳೆಯಲೇ ಇಲ್ಲ. ನನ್ನ ಮೇಲೆ ನನಗೇ ಸಿಟ್ಟು ಬಂದು ಅಳಿಸಿಹಾಕಿದೆ.

ಎರಡನೇ ಬೆಳೆ ನಾಲ್ಕನೇ ಜ್ವರಕ್ಕೆ ಕೂತ ದಿನ ಹಳೆಯ ಲೇಖನಕ್ಕೆ ಇನ್ನೊಂದು ಪ್ರತಿಕ್ರಿಯೆ ಬಂತು. ಹೊಸದಾಗಿ ಹುಳು ಸಾಕಲು ಹೊರಟ ಹೆಂಗಸೊಬ್ಬರು ಕೇಳಿದ್ದರು: "ಜ್ವರದಲ್ಲಿ ಸೊಪ್ಪು ನಿಲ್ಲಿಸಬೇಕು, ಸರಿ. ಮತ್ತೆ ಯಾವಾಗ ಶುರು ಮಾಡಬೇಕು? ಎದ್ದಿವೆ ಅಂತ ಗೊತ್ತಾಗುವುದು ಹೇಗೆ? ಅದನ್ನು ನೀವು ಬರೆದೇ ಇಲ್ಲ."

ನಿಜ, ಬರೆದಿರಲಿಲ್ಲ. ಯಾಕೆಂದರೆ ನನಗೆ ಗೊತ್ತಿರಲಿಲ್ಲ. ಪ್ರತಿ ಬೆಳೆಯಲ್ಲೂ ಅತ್ತೆ "ಈಗ ಹಾಕಮ್ಮಿ" ಎನ್ನುತ್ತಿದ್ದರು, ನಾನು ಹಾಕುತ್ತಿದ್ದೆ. ಹನ್ನೊಂದು ವರ್ಷ, ಒಂದು ಸಲವೂ ಯಾಕೆ ಎಂದು ಕೇಳಿರಲಿಲ್ಲ. ಫೋನು ಹಿಡಿದುಕೊಂಡು ಹುಳದ ಮನೆಗೆ ಹೋಗಿ ಆ ಪ್ರಶ್ನೆಯನ್ನು ಓದಿ ಹೇಳಿದೆ.

"ನನ್ನ ಕೇಳ್ತಾವ್ರಾ?" ಎಂದರು ಅತ್ತೆ.

"ನನ್ನನ್ನೇ ಕೇಳವ್ರೆ, ಆದ್ರೆ ಗೊತ್ತಿರೋದು ನಿಮ್ಗೆ ತಾನೆ ಅತ್ತೆ."

ಅವರು ಸೆರಗಿಗೆ ಕೈ ಒರೆಸಿಕೊಂಡು ತಟ್ಟೆಯ ಮೇಲೆ ಬಗ್ಗಿದರು. "ಇಲ್ಲಿ ನೋಡು. ಎದ್ದಿರೋದ್ರ ತಲೆ ದೊಡ್ಡದಾಗಿರ್ತದೆ, ಮೈ ಚರ್ಮ ಸಡಿಲ. ಗೊತ್ತಾಗ್ದಿದ್ರೆ ಒಸಿ ಉಫ್ ಅಂತ ಊದು. ಎದ್ದಿರೋದು ತಲೆ ಆಡುಸ್ತದೆ, ಜ್ವರದಲ್ಲಿರೋದು ಅಳ್ಳಾಡಲ್ಲ." ಊದಿ ತೋರಿಸಿದರು. "ಹತ್ತು ಎದ್ವು ಅಂತ ಆಸೆ ಬಿದ್ದು ಸೊಪ್ಪು ಹಾಕ್ಬುಟ್ರೆ ಕೆಟ್ಟೆ. ಎದ್ದಿರೋವು ತಿಂದು ಮುಂದಕ್ಕೋಯ್ತವೆ, ಮಿಕ್ಕವು ಹಿಂದ್ಕೆ ಉಳಿತವೆ. ಎಲ್ಲಾ ಒಟ್ಗೆ ಹಣ್ಣಾಗಿ ಗೂಡ್ ಕಟ್ಟಲ್ಲ, ಗೂಡು ಒಂದೇ ಸಮ ಬರಲ್ಲ. ಹೆಚ್ಚೂಕಮ್ಮಿ ಎಲ್ಲಾ ಏಳೋಗಂಟ ಕಾಯ್ಬೇಕು. ಹಸ್ಕಂಡಿರೋದ್ರ ಮುಂದೆ ಕೈ ಕಟ್ಕಂಡು ನಿಲ್ಲೋದೇ ಕಷ್ಟ ಕಣಮ್ಮಿ. ಅದನ್ನೂ ಬರ್ಕೊ."

ಬರೆದುಕೊಂಡೆ. ಅವರು ಹೇಳಿದ ಕ್ರಮದಲ್ಲೇ, ಅವರ ಮಾತಿನಲ್ಲೇ. ಅವರು ಸೊಸೆಯಾಗಿ ಬಂದ ಹೊಸತರಲ್ಲಿ ಅವಸರಪಟ್ಟು ಮೊದಲ ಬೆಳೆ ಕೆಡಿಸಿಕೊಂಡ ಕಥೆ, ಅವರ ಅತ್ತೆ ಮಾಡಿದ ರಂಪ, ಎಲ್ಲ ಬಂತು. "ಜ್ವರದಿಂದ ಎದ್ದ ರೇಷ್ಮೆ ಹುಳಕ್ಕೆ ಮೊದಲ ಸೊಪ್ಪು ಯಾವಾಗ?" ಎಂದು ಸೀದಾ ತಲೆಬರಹ ಕೊಟ್ಟು, ಕೃಷಿಗೆ ಹಾಕಿ, ಉಚಿತ ಲಿಂಕ್ ಯಾರಿಗೂ ಕೊಡದೆ ಪ್ರಕಟಿಸಿದೆ. ನೋಟ ಇನ್ನೂರು ದಾಟಲಿಲ್ಲ. ಓದು ಮಾತ್ರ ಮೂವತ್ತು, ಐವತ್ತು, ಎಪ್ಪತ್ತು ಎಂದು ಏರುತ್ತಲೇ ಹೋಯಿತು. ನಾನು ಹಾಲು ಉಕ್ಕಿಸಿದೆ, ಸಾರು ಸೀಯಿಸಿದೆ, ಐದು ನಿಮಿಷಕ್ಕೊಮ್ಮೆ ಫೋನು ನೋಡುತ್ತಿದ್ದೆ.

ಗೂಡು ಮಾರ್ಕೆಟ್ಟಿಗೆ ಹೋದ ದಿನ ಲೆಕ್ಕದ ಪುಟ ತೆರೆದೆ. ಹೋದ ಸಲದ ಎರಡು ಸಾವಿರ ನೋಟಕ್ಕಿಂತ ಈ ಎಪ್ಪತ್ತೆರಡು ಓದು ಎಷ್ಟೋ ಪಟ್ಟು ಹೆಚ್ಚು ತಂದಿತ್ತು. ಹಾಗಂತ ಮನೆ ನಡೆಸುವಷ್ಟೇನಲ್ಲ. ಗೆಳತಿಗೆ ಬರುವುದರಲ್ಲಿ ಕಾಲು ಭಾಗವೂ ಇಲ್ಲ. ನನ್ನ ಆ ಒಂದು ಗಂಟೆ ಕೈಬಿಟ್ಟು ಹೋಯಿತು ಎಂದುಕೊಂಡೇ ಹಿತ್ತಿಲಿಗೆ ಹೋಗಿ ಅತ್ತೆಯ ಮುಂದೆ ಇದ್ದದ್ದು ಇದ್ದ ಹಾಗೆ ಹೇಳಿದೆ.

ಅವರು ದುಡ್ಡಿನ ಸುದ್ದಿಯನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. "ಹೋದ್ಸಲಿ ಎಲ್ಲಾ ಓಡೋದ್ರು ಅಂದ್ಯಲ್ಲ. ಈ ಜನ ಎಷ್ಟೊತ್ತು ನಿಂತಿದ್ರು?"

"ಒಬ್ಬೊಬ್ರು ಸರಾಸರಿ ಆರು ನಿಮಿಷ."

"ಆರು ನಿಮಿಷ ನಾನೇಳಿದ್ನೇ ಓದ್ತಿದ್ರಾ?"

"ಹೂಂ ಅತ್ತೆ."

ಅತ್ತೆ ಮುಖ ಅರಳಿದ್ದನ್ನು ನಾನು ಅಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. "ಮುಂದಿನ್ ಬೆಳೆಗೂ ಮಧ್ಯಾನದ ಸೊಪ್ಪು ನಾನೇ ಹಾಕ್ತೀನಿ, ನೀನು ಬರಿ" ಎಂದರು. ಕುಣಿದು ಕುಪ್ಪಳಿಸುವಷ್ಟು ಖುಷಿಯಾಯಿತು. ಅಷ್ಟರಲ್ಲಿ ಅವರು ನಗುತ್ತಲೇ, ಯಾರನ್ನೂ ದೂರದೆ, ಎದ್ದು ಹೋಗುತ್ತಾ ಹೇಳಿದರು:

"ಈ ಮನೇಗ್ ಬಂದು ನಲ್ವತ್ತೊರ್ಸ ಆಯ್ತು ಕಣಮ್ಮಿ. ನಾನಾಡೋ ಮಾತ್ನ ಒಟ್ಗೆ ಆರು ನಿಮಿಷ ಯಾರೂ ಕೇಳಿರ್ಲಿಲ್ಲ."