ನಾಯಿಯ ಬಾಯಿ ತೊಳೆಸಿದ ಹಾಲೇಶಪ್ಪನವರು

ಚಳ್ಳಕೆರೆಯಲ್ಲಿ ಶೇಂಗಾ ವ್ಯಾಪಾರ ಮಾಡುವವರಿಗೆ ಬರವಿಲ್ಲ. ಆದರೆ ಮಿಲಿಟ್ರಿ ಹೋಟೆಲಿನ ಮುಂದೆ ಹಾಯುವಾಗ ಮೂಗಿಗೆ ಟವೆಲ್ಲು ಹಿಡಿದು, ಅದನ್ನು ಹತ್ತು ಜನ ನೋಡಿದರೋ ಇಲ್ಲವೋ ಎಂದು ತಿರುಗಿ ನೋಡುವವರು ನಮ್ಮ ಭಾವ ಹಾಲೇಶಪ್ಪನವರು ಒಬ್ಬರೇ. ಊರಿನ ದಾಸೋಹ ಸಮಿತಿಗೆ ಅವರೇ ಅಧ್ಯಕ್ಷರು. ಅಧ್ಯಕ್ಷಗಿರಿ ಸಿಕ್ಕಿದ್ದು ಅನ್ನ ಹಾಕಿದ್ದಕ್ಕಲ್ಲ, ಆಹಾರದ ಶುದ್ಧಿಯ ಬಗ್ಗೆ ಭಾಷಣ ಮಾಡಿದ್ದಕ್ಕೆ. ನನ್ನಕ್ಕ ಕಮಲಾಕ್ಷಮ್ಮ ಆ ಭಾಷಣಗಳನ್ನು ಮದುವೆಯಾದಾಗಿನಿಂದ ಕೇಳಿ ಅರ್ಧ ಕಿವುಡಿಯಾಗಿದ್ದಾಳೆಂದು ನನ್ನ ಗುಮಾನಿ. ನಾನು ತಳಕಿನ ಹೈಸ್ಕೂಲಿನಲ್ಲಿ ಮೇಷ್ಟ್ರು. ಭಾಷಣ ನನಗೂ ಬರುತ್ತದೆ, ಕೇಳುವವರು ಮಕ್ಕಳಾದ್ದರಿಂದ ನಿದ್ದೆ ಮಾಡುತ್ತಾರೆ.

ಭಾವನವರ ಮನೆ ಪರಶುರಾಂಪುರದ ದಾರಿಯಲ್ಲಿ, ಹೊಲದಲ್ಲೇ ಇತ್ತು. ಬೇಸಿಗೆ ಬಂದರೆ ಓಬಳೇಶನ ಕುರಿಮಂದೆ ಆ ಹೊಲದಲ್ಲಿ ಬೀಡುಬಿಡುತ್ತಿತ್ತು. ಕುರಿ ಮಲಗಿದ ಹೊಲಕ್ಕೆ ಬೇರೆ ಗೊಬ್ಬರ ಬೇಕಿಲ್ಲ ಎಂಬುದು ನಮ್ಮ ಕಡೆಯ ಲೆಕ್ಕ. ಮಂದೆಯವರು ಹಬ್ಬಕ್ಕೋ ಹರಕೆಗೋ ಕುರಿ ಕೊಯ್ದಾಗ ಕೆಲವು ಸಲ ಅದರ ಈಲಿಯಲ್ಲಿ, ಅಂದರೆ ಲಿವರಿನಲ್ಲಿ, ಇಲ್ಲವೆ ಶ್ವಾಸಕೋಶದಲ್ಲಿ ನೀರು ತುಂಬಿದ ಬಿಳಿ ಗುಳ್ಳೆಗಳು ಕಾಣುತ್ತವೆ. ಅಂಥದ್ದನ್ನು ಮನುಷ್ಯರು ತಿನ್ನುವುದಿಲ್ಲ, ನಾಯಿಗೆ ಎಸೆಯುತ್ತಾರೆ.

ಭಾವನವರಿಗೂ ಒಂದು ನಾಯಿಯಿತ್ತು, ಕರಿಯ ಅಂತ. ಲಿಂಗಾಯತರ ಮನೆಯಲ್ಲಿ ಮಜ್ಜಿಗೆ ಅನ್ನ ತಿಂದು ತಿಂದು ಅದು ಕಳ್ಳರನ್ನು ಕಂಡರೂ ಬಾಲ ಅಲ್ಲಾಡಿಸುವಷ್ಟು ಸಾತ್ವಿಕವಾಗಿತ್ತು. ಹಾಗಾಗಿ ಭಾವ ಓಬಳೇಶನಿಗೆ ಒಂದು ಏರ್ಪಾಟು ಹೇಳಿದರು.

"ನೀವು ಎಸಿಯೋ ಗುಳ್ಳೆ ಈಲಿ ನಮ್ ಕರಿಯಂಗೂ ಹಾಕ್ರಪ್ಪ. ನಾಯಿಗೇನು ಜಾತಿ ಐತಾ? ಆದ್ರೆ ನಮ್ ಬೇಲಿ ಆಚೆ ಹಾಕ್ರಿ."

ಕರಿಯ ಬೇಲಿಯಾಚೆ ತಿಂದು ಬಂದಾಗಲೆಲ್ಲ ಆಳು ದಾಸಣ್ಣ ಅದನ್ನು ಕೊಳಾಯಿಯ ಹತ್ತಿರ ಹಿಡಿದು ಬಾಯಿ ತೊಳೆಯಬೇಕು. ಭಾವ ನಿಂತು ನೋಡುವರು. ಮೂತಿ, ಹಲ್ಲು, ಮೀಸೆ ಎಲ್ಲ ಆದಮೇಲೆ ನಾಯಿಯ ಹಣೆಗೆ ಒಂದೆಳೆ ವಿಭೂತಿ. ಶುದ್ಧವಾದ ಕರಿಯ ಒಳಗೆ ಬಂದು, ಹಿತ್ತಿಲಲ್ಲಿ ಅಕ್ಕ ಹಾಕಿದ ಕೊತ್ತಂಬರಿ ಮಡಿಯ ತಂಪಿನಲ್ಲಿ ಹೊರಳಾಡಿ, ಅಲ್ಲೇ ತನ್ನ ಬೆಳಗಿನ ಕೆಲಸವನ್ನೂ ಮುಗಿಸುತ್ತಿತ್ತು. ಆ ತುದಿಯ ಬಗ್ಗೆ ಶಾಸ್ತ್ರದಲ್ಲಿ ಏನೂ ಹೇಳಿರಲಿಲ್ಲ. ಅಕ್ಕ ಅದನ್ನು ಎತ್ತಿ ಹಾಕಿ, ಸೊಪ್ಪು ಕಿತ್ತು, ಒಂದು ಸಲ ನೀರಲ್ಲಿ ಅದ್ದಿ ಕೋಸಂಬರಿಗೆ ಹೆಚ್ಚುತ್ತಿದ್ದಳು. ಹಸಿ ಸೊಪ್ಪು ತಿಂದವನಿಗೆ ರೋಗವಿಲ್ಲ ಎಂಬುದು ಭಾವನವರ ಭಾಷಣದ ಇನ್ನೊಂದು ಅಧ್ಯಾಯ.

ತೊಂಬತ್ತೆಂಟನೇ ಇಸವಿಯ ಹೊತ್ತಿಗೆ ಭಾವನವರ ಬಲಪಕ್ಕೆಯ ಕೆಳಗೆ ಗಟ್ಟಿಯಾಗಿ ಏನೋ ಉಬ್ಬಿತು. ಮೊದಲು ಗ್ಯಾಸ್ ಎಂದರು. ಆಮೇಲೆ ಜೀರಿಗೆ ಕಷಾಯ, ಆಮೇಲೆ ದೃಷ್ಟಿ. ಕೊನೆಗೆ ಪೇಟೆಯಲ್ಲಿ ಡಾಕ್ಟರ್ ಎಂದು ಬೋರ್ಡು ಹಾಕಿಕೊಂಡಿದ್ದ ಒಬ್ಬ ಪುಣ್ಯಾತ್ಮ ಹೊಟ್ಟೆ ತಟ್ಟಿ ನೋಡಿ, "ಒಳಗೆ ನೀರು ಐತೆ ಸಾವ್ಕಾರ್ರೇ, ಒಂದ್ ಸೂಜಿ ಹಾಕಿ ಎಳೆದುಬಿಡಾಣ" ಎಂದ. ಅಕ್ಕ ನನಗೆ ಫೋನು ಮಾಡಿಸಿದಳು. ನಾನು ಓಡಿಬಂದು ಭಾವನವರನ್ನು ಆ ಸೂಜಿಯಿಂದ ಬಿಡಿಸಿ ದಾವಣಗೆರೆಗೆ ಕರೆದುಕೊಂಡು ಹೋದೆ.

ಸ್ಕ್ಯಾನಿಂಗ್ ಮಾಡಿದವರು ಆಶಾ ಎಂಬ ಡಾಕ್ಟರಮ್ಮ. ಹೊಟ್ಟೆಗೆ ತಣ್ಣನೆಯ ಜೆಲ್ಲು ಸವರಿ, ಯಂತ್ರ ಒತ್ತಿ, ಪರದೆಯನ್ನು ನನ್ನ ಕಡೆಗೂ ತಿರುಗಿಸಿದರು. ಈಲಿಯ ಬಲಭಾಗದಲ್ಲಿ ಕಪ್ಪಗೆ, ದುಂಡಗೆ ಒಂದು ಚೀಲ, ಸಣ್ಣ ತೆಂಗಿನಕಾಯಿಯಷ್ಟು. ಕಪ್ಪಾಗಿ ಕಾಣುವುದೆಲ್ಲ ನೀರು ಎಂದರು. ಚೀಲದ ಒಳಪದರ ಗೋಡೆಯಿಂದ ಕಳಚಿ, ಕೆರೆಯಲ್ಲಿ ತಾವರೆ ಎಲೆ ತೇಲುವಂತೆ ಮಡಚಿಕೊಂಡು ತೇಲುತ್ತಿತ್ತು. ಭಾವನವರನ್ನು ಮಗ್ಗುಲಾಗಿ ಮಲಗಿಸಿದಾಗ ತಳದಲ್ಲಿದ್ದ ಸಣ್ಣ ಮರಳಿನಂಥದ್ದು ಎದ್ದು ಬಿಳಿ ಚುಕ್ಕೆಗಳಾಗಿ ಉದುರಿತು.

"ಹೈಡಾಟಿಡ್ ಸಿಸ್ಟ್. ಕುರಿ ಈಲಿಯಲ್ಲಿ ನೀರ್ಗುಳ್ಳೆ ಇರುತ್ತಲ್ಲ, ಅದೇ ಇದು" ಎಂದರು ಡಾಕ್ಟರಮ್ಮ. "ಸೂಜಿ ಚುಚ್ಚಿಸಿಕೊಂಡಿಲ್ಲ ತಾನೇ? ಮದ್ದು ಕೊಡದೆ, ತಯಾರಿ ಇಲ್ಲದೆ ಹಂಗೇ ಚುಚ್ಚಿದ್ರೆ ಆ ನೀರು ಹೊಟ್ಟೆಯೊಳಗೆ ಚೆಲ್ಲಿ, ಮೈ ತಡೆಯದೆ ಅಲ್ಲೇ ಪ್ರಾಣ ಹೋಗಬಹುದಿತ್ತು. ಉಳಿದ್ರೂ ಹೊಟ್ಟೆ ತುಂಬ ಹೊಸ ಗುಳ್ಳೆ ಏಳ್ತಿದ್ವು."

ಪ್ರಾಣದ ಮಾತು ಭಾವನವರ ಕಿವಿಗೆ ಬೀಳಲಿಲ್ಲ. ಕುರಿ ಎಂಬುದಷ್ಟೇ ಬಿತ್ತು. ಎದ್ದು ಕೂತರು.

"ನಾನು ಹುಟ್ಟಿದಾಗಿಂದ ಮಾಂಸ ಮುಟ್ಟಿಲ್ಲ ತಾಯಿ. ಕುರಿ ರೋಗ ನನಗೆಂಗ್ ಬರುತ್ತೆ? ನಾನು ದಾಸೋಹ ಸಮಿತಿ ಅಧ್ಯಕ್ಷ. ಇವನು ಮಾಂಸ ತಿಂದಿಲ್ಲ ಅಂತ ನೀವು ಒಂದ್ ಮಾತು ಹೇಳ್ಬೇಕು, ನಾಲ್ಕು ಜನರ ಮುಂದೆ."

"ಹೇಳ್ತೀನಿ ಬಿಡಿ" ಎಂದರು ಡಾಕ್ಟರಮ್ಮ. "ಮಾಂಸ ತಿನ್ನೋದ್ರಿಂದ ಇದು ಬರೋದೇ ಇಲ್ಲ. ಗುಳ್ಳೆ ಇರೋ ಈಲಿ ನಾಯಿ ತಿಂದ್ರೆ, ನಾಯಿ ಕರುಳಲ್ಲಿ ಸಣ್ಣ ಲಾಡಿಹುಳ ಆಗುತ್ತೆ. ನಾಯಿಗೆ ಏನೂ ಆಗಲ್ಲ, ಚೆನ್ನಾಗೇ ಇರುತ್ತೆ. ಹುಳದ ಮೊಟ್ಟೆ ಮಲದಲ್ಲಿ ಬೀಳುತ್ತೆ, ಹುಲ್ಲಿಗೆ, ಸೊಪ್ಪಿಗೆ, ಅದರ ಕೂದಲಿಗೆ ಅಂಟುತ್ತೆ. ಹುಲ್ಲಿನ ಜೊತೆ ಕುರಿ ತಿಂದ್ರೆ ಕುರಿಗೆ ಗುಳ್ಳೆ. ಮಧ್ಯೆ ಮನುಷ್ಯ ಬಾಯಿ ಹಾಕಿದ್ರೆ ಮನುಷ್ಯನಿಗೆ. ಅಂದ್ರೆ, ಯಜಮಾನ್ರೇ, ನೀವು ಕುರಿ ತಿಂದಿಲ್ಲ. ಯಾವತ್ತೋ ಕಣ್ಣಿಗೆ ಕಾಣದಷ್ಟು ನಾಯಿ ಹೇಲು ತಿಂದಿದೀರ. ಇದನ್ನ ಯಾರ ಮುಂದೆ ಹೇಳ್ಲಿ?"

ಭಾವನವರು ಜೆಲ್ಲನ್ನೂ ಒರೆಸಿಕೊಳ್ಳದೆ ಅಂಗಿ ಹಾಕಿಕೊಂಡರು.

ಡಾಕ್ಟರಮ್ಮ ನನ್ನನ್ನು ಕರೆದು, ನಾಯಿಗೆ ಹುಳದ ಮಾತ್ರೆ ಕೊಡಿಸಬೇಕು, ಹಸಿ ಈಲಿ ಹಾಕಲೇಬಾರದು, ಹೂಳಬೇಕು ಇಲ್ಲವೆ ಸುಡಬೇಕು, ಮನೆಯಲ್ಲಿ ಎಲ್ಲರಿಗೂ ಒಂದು ಸಲ ಸ್ಕ್ಯಾನ್ ಮಾಡಿಸಬೇಕು ಎಂದರು. ನಾನು ಭಾವನವರಿಗೆ ಅದನ್ನೆಲ್ಲ ಬಸ್ಸಿನಲ್ಲಿ ಎರಡು ಸಲ ಹೇಳಿದೆ. ಅವರು ಕಿಟಕಿಯ ಕಡೆ ನೋಡುತ್ತಿದ್ದರು.

ಆಪರೇಷನ್ನಿಗೆ ಮುಂಚೆ ಮಾತ್ರೆ ಕೊಟ್ಟರು, ಆಮೇಲೂ ಕೊಟ್ಟರು. ಸುತ್ತ ಉಪ್ಪುನೀರಿನ ಬಟ್ಟೆ ಇಟ್ಟು, ಒಂದು ಹನಿಯೂ ಚೆಲ್ಲದಂತೆ ನೀರು ತೆಗೆದು, ಎಳನೀರಿನ ಗಂಜಿಯಂಥ ಬೆಳ್ಳನೆಯ ಪದರವನ್ನು ಹೊರಗೆಳೆದರಂತೆ. ಭಾವ ಬದುಕಿಕೊಂಡರು. ಆದರೆ ಮರ್ಯಾದೆ ಅಷ್ಟರಲ್ಲೇ ಐಸಿಯು ಸೇರಿತ್ತು. ವಾರ್ಡಿನಲ್ಲಿ ಪಕ್ಕದ ಮಂಚದವನ ಕಡೆಯವರು ಚಳ್ಳಕೆರೆಯವರು. ಅಧ್ಯಕ್ಷರ ಹೊಟ್ಟೆಯಲ್ಲಿ ಕುರಿ ಗುಳ್ಳೆ ಸಿಕ್ಕಿತಂತೆ ಎಂಬ ಸುದ್ದಿ ನಮ್ಮ ಬಸ್ಸಿಗಿಂತ ಮುಂಚೆ ಊರು ಮುಟ್ಟಿತು.

ದಾಸೋಹ ಸಮಿತಿ ಸಭೆ ಸೇರಿತು. ಕಾರ್ಯದರ್ಶಿ ಸಿದ್ದಲಿಂಗೇಶ್ ಅಧ್ಯಕ್ಷರ ಕುರ್ಚಿಯ ಕಡೆ ಒಂದು ಕಣ್ಣಿಟ್ಟೇ ಕೇಳಿದ: "ಜನ ಏನೇನೋ ಮಾತಾಡ್ತಾರೆ ಸಾವ್ಕಾರ್ರೇ. ನೀವೇ ಒಂದ್ ಮಾತು ಹೇಳಿಬಿಡ್ರಿ."

ಭಾವ ಎದ್ದು ನಿಂತರು. ಈಗ ಸತ್ಯ ಬರುತ್ತದೆ ಎಂದು ನಾನು ಕಾದೆ. ಬಂದದ್ದು ಬೇರೆ.

"ತಿಂದಿದ್ದೆ ಕಣ್ರಪ್ಪ" ಎಂದರು. "ಬಳ್ಳಾರಿಗೆ ವ್ಯಾಪಾರಕ್ಕೆ ಹೋದಾಗ, ಸಣ್ಣ ವಯಸ್ಸು. ಒಂದೇ ಸಲ. ತಪ್ಪಾಯ್ತು."

ಜನ್ಮದಲ್ಲಿ ಮಾಂಸವನ್ನು ಮೂಸಿಯೂ ನೋಡದ ಮನುಷ್ಯ, ನಾಯಿ ಹೇಲು ತಿಂದವ ಅನ್ನಿಸಿಕೊಳ್ಳುವುದಕ್ಕಿಂತ ಮಾಂಸ ತಿಂದವ ಅನ್ನಿಸಿಕೊಳ್ಳುವುದೇ ವಾಸಿ ಎಂದು ತೂಗಿ ನೋಡಿದ್ದರು. ತಕ್ಕಡಿ ಹಿಡಿದು ಬಾಳಿದವರಲ್ಲವೇ. ಸಭೆ ದೊಡ್ಡ ಮನಸ್ಸು ಮಾಡಿತು. ವಿಭೂತಿ ಹಚ್ಚಿ, ಪಾದೋದಕ ಕೊಟ್ಟು, ಅಧ್ಯಕ್ಷಗಿರಿಯಲ್ಲೇ ಉಳಿಸಿತು. ಹೊರಗೆ ಬಂದಮೇಲೆ ಇಬ್ಬರು ಹಿರಿಯರು ಬೇರೆಬೇರೆಯಾಗಿ ಬಂದು, ಬಳ್ಳಾರಿಯ ಯಾವ ಹೋಟೆಲು ಎಂದು ಮೆತ್ತಗೆ ವಿಚಾರಿಸಿದರು.

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಯಾಕೆಂದರೆ ಮರುದಿನ ಹೋಗಿ ನೋಡಿದರೆ ಕರಿಯ ಬೇಲಿಯಾಚೆಯಿಂದ ಬಾಯಿ ನೆಕ್ಕುತ್ತ ಬರುತ್ತಿತ್ತು, ದಾಸಣ್ಣ ಕೊಳಾಯಿ ತಿರುಗಿಸುತ್ತಿದ್ದ, ಅಕ್ಕ ಒಂದು ಕೈಯಲ್ಲಿ ಪಕ್ಕೆ ಒತ್ತಿಕೊಂಡು ಕೊತ್ತಂಬರಿ ಕೀಳುತ್ತಿದ್ದಳು. ಆ ಪಕ್ಕೆನೋವು ಅವಳಿಗೆ ಎಷ್ಟೋ ವರ್ಷದ್ದು. ಗಂಡಸಿನ ಗ್ಯಾಸಿಗೆ ದಾವಣಗೆರೆ, ಹೆಂಗಸಿನ ಗ್ಯಾಸಿಗೆ ಓಂಕಾಳು.

"ಅಕ್ಕನ್ನ ಸ್ಕ್ಯಾನಿಂಗಿಗೆ ಕರ್ಕೊಂಡ್ ಹೋಗ್ತೀನಿ" ಎಂದೆ.

ಭಾವ ಸುತ್ತ ನೋಡಿ ದನಿ ತಗ್ಗಿಸಿದರು. "ಬ್ಯಾಡ ಕಣೋ ಚಂದ್ರು. ಅವಳಿಗೂ ಐತೆ ಅಂದ್ರೆ? ನಾನಾದ್ರೆ ಬಳ್ಳಾರಿಗೆ ಹೋಗಿದ್ದೆ. ಇವಳು ಎಲ್ಲಿ ತಿಂದ್ಲು ಅಂತ ಹೇಳಾನ?"

ಮೈಯೆಲ್ಲ ಉರಿದುಹೋಯಿತು ನನಗೆ. ದೊಡ್ಡವರೆಂದು ಬಾಯಿ ಕಟ್ಟಿಕೊಂಡೆ. ಅರ್ಧ ಕಿವುಡಿ ಎಂದು ನಾನು ತಿಳಿದಿದ್ದ ಅಕ್ಕನಿಗೆ ಅದು ಪೂರ್ತಿ ಕೇಳಿತ್ತು, ಅವಳು ಕಟ್ಟಿಕೊಳ್ಳಲಿಲ್ಲ. ಸೊಪ್ಪನ್ನು ಅಲ್ಲೇ ಹಾಕಿ, ಸೆರಗಿಗೆ ಕೈ ಒರೆಸಿಕೊಂಡು, "ನಡಿ ಚಂದ್ರು" ಎಂದಳು. ಪಕ್ಕದ ಹೊಲದ ಮನೆಯ ಸುಲೋಚನಮ್ಮನನ್ನು ಜೊತೆಗೆ ಕರೆದಳು. ನಾವು ಬಸ್ಸು ಹತ್ತಿದ ಮೇಲೆ ಭಾವನವರೂ ಹಿಂದಿನ ಬಾಗಿಲಿಂದ ಹತ್ತಿದ್ದು ಗೊತ್ತಾಯಿತು.

ಅಕ್ಕನ ಈಲಿಯಲ್ಲಿದ್ದ ಚೀಲ ಭಾವನವರದಕ್ಕಿಂತ ದೊಡ್ಡದು. ಅದರೊಳಗೆ ಒಂದಕ್ಕೊಂದು ಒತ್ತಿಕೊಂಡು ಮರಿಚೀಲಗಳು, ಜೇನುಹುಟ್ಟಿನ ಹಾಗೆ. ಡಾಕ್ಟರಮ್ಮ ಯಂತ್ರವನ್ನು ಅತ್ತಿತ್ತ ಸರಿಸಿ ಎರಡೆರಡು ಸಲ ಅಳತೆ ತೆಗೆದುಕೊಂಡರು. ಆಮೇಲೆ, "ಇದು ನಿಮ್ಮ ಯಜಮಾನ್ರದಕ್ಕಿಂತ ಹಳೇದು. ಆಪರೇಷನ್ ಆಗುತ್ತೆ, ಆದ್ರೆ ಅವರದಷ್ಟು ಸಲೀಸಲ್ಲ" ಎಂದರು. ಅಕ್ಕ ಎದ್ದು ಸೀರೆ ಸರಿಮಾಡಿಕೊಂಡು ಹೊರಗೆ ಬಂದಳು.

ಹೊರಗೆ ಬೆಂಚುಗಳ ತುಂಬ ಜನ. ಅರ್ಧ ನಮ್ಮ ಕಡೆಯವರೇ. ಸುಲೋಚನಮ್ಮನಿಗೆ ಕಾಯುವ ಅಭ್ಯಾಸವಿಲ್ಲ.

"ಏನಂದ್ರಕ್ಕ? ಅದೇನಾ? ನೀವೂ ಬಳ್ಳಾರಿಗೆ ಹೋಗಿದ್ರಾ?"

ಅಕ್ಕ ಗಂಡನ ಮುಖ ನೋಡಿದಳು. ಬೈಗುಳವಿಲ್ಲ, ಅಳುವಿಲ್ಲ, ಬರೀ ನೋಡಿದಳು. ನಾನು ಕಂಡಂತೆ ಭಾವನವರ ಮುಂದೆ ಯಾರೂ ಹಾಗೆ ನಿಂತಿರಲಿಲ್ಲ.

ಭಾವನವರು ಹೆಗಲ ಟವೆಲ್ಲು ತೆಗೆದು ಕೈಯಲ್ಲಿ ಮುದುರಿದರು. ಭಾಷಣದ ದನಿ ಏಳಲೇ ಇಲ್ಲ.

"ಬಳ್ಳಾರೀಲಿ ನಾನು ಇಡ್ಲಿ ತಿಂದಿದ್ದು ಸುಲೋಚನಮ್ಮ" ಎಂದರು. "ಇವಳು ಮನೆ ಬಿಟ್ಟು ಎಲ್ಲೂ ತಿಂದೋಳಲ್ಲ. ನಾನು ನಾಯಿಗೆ ಗುಳ್ಳೆ ಈಲಿ ಹಾಕಿಸ್ದೆ. ಅದರ ಹೇಲು ನಮ್ ಕೊತ್ತಂಬರಿಗೆ ಬಿತ್ತು. ಇಬ್ರೂ ತಿಂದ್ವಿ. ನೀವೂ ನಮ್ಮನೆ ಕೋಸಂಬರಿ ಬಾಳ ಸಲ ತಿಂದೀರಿ. ಬಂದಿದ್ದು ಬಂದಿದೀರಿ, ಒಂದ್ಸಲ ಒಳಗೋಗಿ ತೋರಿಸ್ಕಳ್ರಿ."